ದಾವೆಯಲ್ಲಿರುವ ಮನೆಗೆ ಉಯಿಲು: ಪ್ರಾಯೋಗಿಕ ಪರೀಕ್ಷೆಯ ಒಂದು ಪ್ರಶ್ನೆ ಬಿಡಿಸಿ

(ಕಾನೂನು ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಗೆ ಮುನ್ನ ನೀಡಿದ ಉಪನ್ಯಾಸದ ಬರಹ ರೂಪ)

ಕರಡು ರಚನೆ ಮತ್ತು ದಸ್ತಾವೇಜು ಬರವಣಿಗೆಯ ಪ್ರಾಯೋಗಿಕ ಪತ್ರಿಕೆಯಲ್ಲಿ ದಸ್ತಾವೇಜುಗಳಿಗೆ ಹದಿನೈದು ಅಭ್ಯಾಸ, 45 ಅಂಕ. ಅಂದರೆ ಒಂದೊಂದಕ್ಕೆ ಮೂರೇ ಅಂಕ. ಹಾಗಾಗಿ ಹೆಚ್ಚಿನವರು ಉಯಿಲಿಗೆ ಒಂದು ಸಿದ್ಧ ನಮೂನೆ ಬಾಯಿಪಾಠ ಮಾಡಿಕೊಂಡು, ಹೆಸರು, ವಯಸ್ಸು ತುಂಬಿಸಿ ಮುಗಿಸುತ್ತಾರೆ. ಸರಳ ಪ್ರಶ್ನೆಗೆ ಅದು ನಡೆಯುತ್ತದೆ. ಆದರೆ ಮನೆಯ ಮೇಲೆ ಆಗಲೇ ದಾವೆ ಇದೆ ಎಂಬ ಒಂದು ಸಾಲು ಪ್ರಶ್ನೆಯಲ್ಲಿ ಸೇರಿದ ತಕ್ಷಣ ಆ ನಮೂನೆ ಕೈಕೊಡುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಕೇಳುವುದೂ ಅದನ್ನೇ: "ಈ ಕಲಮು ಯಾಕೆ ಹೀಗೆ ಬರೆದಿರಿ?" ಅದಕ್ಕೆ ಇವತ್ತು ಒಂದೇ ಪ್ರಶ್ನೆ ತೆಗೆದುಕೊಂಡು ಕೊನೆಯವರೆಗೆ ಬಿಡಿಸೋಣ.

ಸಂಗತಿಗಳು ಇವು. ತುಮಕೂರಿನ ಒಬ್ಬ ನಿವೃತ್ತ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು, ವಯಸ್ಸು 76, ಹಿಂದೂ. ಪತ್ನಿ 2003ರಲ್ಲಿ ತೀರಿಕೊಂಡಿದ್ದಾರೆ. ನಾಲ್ವರು ಮಕ್ಕಳು. ಹಿರಿಯ ಮಗ ಬೇರೆ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಎರಡನೆಯ ಮಗ 2016ರಲ್ಲಿ ತೀರಿಹೋದ. ಅವನ ಹೆಂಡತಿ ಮತ್ತು ಹದಿನಾಲ್ಕು ವರ್ಷದ ಮಗಳು ಇದ್ದಾರೆ. ಹಿರಿಯ ಮಗಳಿಗೆ ಮದುವೆಯಾಗಿದೆ. ಕಿರಿಯ ಮಗಳು ವಿಚ್ಛೇದನದ ನಂತರ ತಂದೆಯ ಜೊತೆಗೇ ಇದ್ದು ಅವರನ್ನು ನೋಡಿಕೊಳ್ಳುತ್ತಿದ್ದಾಳೆ. ಆಸ್ತಿ ಎಂದರೆ 30-40 ನಿವೇಶನದಲ್ಲಿ ಕಟ್ಟಿದ ಒಂದು ಮನೆ, ಬ್ಯಾಂಕಿನಲ್ಲಿ ಸುಮಾರು 16 ಲಕ್ಷ ಠೇವಣಿ, ಹೆಂಡತಿಯ ಒಂದಿಷ್ಟು ಒಡವೆ, ತಿಂಗಳ ಪಿಂಚಣಿ. ನಿವೇಶನ 1984ರ ನೋಂದಾಯಿತ ಕ್ರಯಪತ್ರದಿಂದ ಶಿಕ್ಷಕರ ಹೆಸರಿಗೆ ಬಂದದ್ದು, ಮನೆ 1991ರಲ್ಲಿ ಸಾಲ ತೆಗೆದು ಕಟ್ಟಿದ್ದು. ಹಿರಿಯ ಮಗ ವಿಭಾಗ ದಾವೆ ಹಾಕಿದ್ದಾನೆ: 1983ರಲ್ಲಿ ಹಳ್ಳಿಯ ಪಿತ್ರಾರ್ಜಿತ ಜಮೀನು ಮಾರಿದ ಹಣದಿಂದಲೇ ನಿವೇಶನ ಕೊಂಡದ್ದು, ಆದ್ದರಿಂದ ಅದು ಒಟ್ಟು ಕುಟುಂಬದ ಸ್ವತ್ತು, ನನಗೆ ಐದನೇ ಒಂದು ಹಿಸ್ಸೆ ಬರಬೇಕು ಎಂದು. ಶಿಕ್ಷಕರ ಇಚ್ಛೆ: ಮನೆ ಕಿರಿಯ ಮಗಳಿಗೆ, ಠೇವಣಿಯಲ್ಲಿ ಅರ್ಧ ಮೊಮ್ಮಗಳಿಗೆ, ಅರ್ಧ ಹಿರಿಯ ಮಗಳಿಗೆ. ಹಿರಿಯ ಮಗನಿಗೆ ಹಿಂದೆಯೇ ಹಣ ಕೊಟ್ಟಾಗಿದೆ. ಅವನು ದಾವೆ ಬಿಟ್ಟರೆ ಮೂರು ಲಕ್ಷ ಕೊಡಬಹುದು, ಇಲ್ಲದಿದ್ದರೆ ಏನೂ ಬೇಡ.

ಪೆನ್ನು ಹಿಡಿಯುವ ಮೊದಲು ಬಿಳಿ ಹಾಳೆಯ ಮೇಲೆ ಒಂದು ಲೆಕ್ಕ ಮಾಡಿಕೊಳ್ಳಬೇಕು. ಐದು ನಿಮಿಷದ ಕೆಲಸ, ಆದರೆ ಇಡೀ ಕರಡು ಇದರ ಮೇಲೆ ನಿಂತಿದೆ.

ಉಯಿಲೇ ಇಲ್ಲ ಎಂದುಕೊಳ್ಳಿ. ಮನೆ ಶಿಕ್ಷಕರ ಸ್ವಯಾರ್ಜಿತವಾದರೆ ಅವರ ಮರಣಾನಂತರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ನಾಲ್ಕು ಕವಲುಗಳಿಗೆ ಸಮ: ತಲಾ ನಾಲ್ಕನೇ ಒಂದು. ತೀರಿಹೋದ ಮಗನ ಪಾಲನ್ನು ಅವನ ಹೆಂಡತಿ, ಮಗಳು ತೆಗೆದುಕೊಳ್ಳುತ್ತಾರೆ. ಈಗ ಮನೆ ಒಟ್ಟು ಕುಟುಂಬದ್ದು ಎಂದೇ ತೀರ್ಮಾನವಾಯಿತು ಎನ್ನಿ. 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ತೀರ್ಪಿನ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಹದಾಯಾದರು. ಹಾಗಾಗಿ ತಂದೆಗೆ ಒಂದು, ನಾಲ್ಕು ಕವಲುಗಳಿಗೆ ಒಂದೊಂದು, ಒಟ್ಟು ಐದು ಹಿಸ್ಸೆ. ತಂದೆ ತೀರಿಕೊಂಡಾಗ ಅವರ ಐದನೇ ಒಂದು ಮತ್ತೆ ನಾಲ್ಕಾಗಿ ಒಡೆಯುತ್ತದೆ, ತಲಾ ಇಪ್ಪತ್ತನೇ ಒಂದು. ಐದನೇ ಒಂದಕ್ಕೆ ಇಪ್ಪತ್ತನೇ ಒಂದು ಕೂಡಿಸಿದರೆ ನಾಲ್ಕನೇ ಒಂದು. ಅಂದರೆ ಉಯಿಲಿಲ್ಲದೆ ತಂದೆ ತೀರಿಕೊಂಡರೆ ದಾವೆ ಯಾರೇ ಗೆದ್ದರೂ ಪಾಲು ಒಂದೇ!

ಉಯಿಲು ಬಂದಾಗ ಮಾತ್ರ ಇದು ಬದಲಾಗುತ್ತದೆ. ಸ್ವಯಾರ್ಜಿತವಾದರೆ ಇಡೀ ಮನೆ ಕಿರಿಯ ಮಗಳದು. ಒಟ್ಟು ಕುಟುಂಬದ್ದಾದರೆ ತಂದೆ ಉಯಿಲಿನಿಂದ ಕೊಡಬಹುದಾದದ್ದು ತಮ್ಮ ಐದನೇ ಒಂದನ್ನು ಮಾತ್ರ. ಅವಿಭಕ್ತ ಹಿಸ್ಸೆಯನ್ನು ಹೀಗೆ ಕೊಡಲು 30ನೇ ಕಲಮು ಸ್ಪಷ್ಟವಾಗಿ ಅನುಮತಿಸುತ್ತದೆ. ಆಗ ಕಿರಿಯ ಮಗಳಿಗೆ ತನ್ನದೇ ಐದನೇ ಒಂದು, ತಂದೆಯದೊಂದು, ಒಟ್ಟು ಐದನೇ ಎರಡು. ಹಿರಿಯ ಮಗನಿಗೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಐದನೇ ಒಂದು. ಹಾಗಾಗಿ ತಂದೆ ತೀರಿಕೊಂಡ ಮೇಲೆ ಈ ದಾವೆಗೂ ಉಯಿಲಿಗೂ ಬಿಡಿಸಲಾಗದ ಗಂಟು ಬೀಳುತ್ತದೆ. ಹಿರಿಯ ಮಗ ನ್ಯಾಯಾಲಯದಲ್ಲಿ ಮನೆಯ ಸ್ವರೂಪವನ್ನೂ ಪ್ರಶ್ನಿಸುತ್ತಾನೆ, ಉಯಿಲನ್ನೂ ಪ್ರಶ್ನಿಸುತ್ತಾನೆ. ನೀವು ಬರೆಯುವ ಪ್ರತಿ ಸಾಲೂ ಮುಂದೆ ಒಂದು ದಿನ ಆ ದಾವೆಯಲ್ಲಿ ಗುರುತಾಗುವ ದಾಖಲೆ ಎಂದು ತಿಳಿದೇ ಬರೆಯಬೇಕು.

ಇಲ್ಲಿಂದ ಪೀಠಿಕೆಗೆ ಬರೋಣ, ಯಾಕೆಂದರೆ ದೊಡ್ಡ ತಪ್ಪು ಆಗುವುದು ಅಲ್ಲೇ. ಪ್ರಶ್ನೆಯಲ್ಲಿ ಕೊಟ್ಟ ಎಲ್ಲ ಸಂಗತಿಯನ್ನೂ ಉಯಿಲಿನಲ್ಲಿ ತುಂಬಿಬಿಡುವ ಅಭ್ಯಾಸ ವಿದ್ಯಾರ್ಥಿಗಳಿಗಿದೆ. "1983ರಲ್ಲಿ ನಮ್ಮ ಹಿರಿಯರ ಜಮೀನನ್ನು ಮಾರಾಟ ಮಾಡಿ, ತದನಂತರ 1984ರಲ್ಲಿ ಈ ನಿವೇಶನವನ್ನು ಖರೀದಿಸಿರುತ್ತೇನೆ" ಎಂದು ಒಂದು ವಾಕ್ಯ ಬರೆದಿರಿ ಎನ್ನಿ. "ತದನಂತರ" ಎಂಬ ಆ ಒಂದು ಪದ ಸಾಕು. ಉಯಿಲಿನಿಂದ ಹಕ್ಕು ಪಡೆಯುವವಳು ಕಿರಿಯ ಮಗಳು. ಅವಳ ಹಕ್ಕಿನ ಮೂಲ ತಂದೆ. ತಂದೆ ತಮ್ಮ ಹಿತಕ್ಕೆ ವಿರುದ್ಧವಾಗಿ ಬರೆದ ಮಾತು ಒಪ್ಪಿಗೆಯಾಗಿ ಅವಳ ವಿರುದ್ಧವೇ ನಿಲ್ಲುತ್ತದೆ. ವಾದಿಯ ವಕೀಲರು ಬೇರೆ ಸಾಕ್ಷ್ಯ ಹುಡುಕಬೇಕಾಗಿಲ್ಲ, ಉಯಿಲನ್ನೇ ಎತ್ತಿ ಓದುತ್ತಾರೆ. ಜಮೀನು ಮಾರಿದ್ದು ನಿಜವೇ ಇರಬಹುದು, ಅದನ್ನು ಮುಚ್ಚಿಡಲು ಹೇಳುತ್ತಿಲ್ಲ. ಅದಕ್ಕೆ ಉತ್ತರ ಕೊಡುವ ಜಾಗ ದಾವೆಯ ಪ್ರತಿವಾದಪತ್ರ, ಉಯಿಲಲ್ಲ. ಉಯಿಲಿನ ಪೀಠಿಕೆ ಪ್ರತಿವಾದಪತ್ರದ ಮಾತಿಗೆ ಒಂದಿಂಚೂ ಆಚೀಚೆ ಹೋಗಬಾರದು. ನಿಜವಾದ ಕಕ್ಷಿಗಾರರು ಬಂದಾಗ ಮೊದಲು ಕೇಳಿ ತರಿಸಿಕೊಳ್ಳಬೇಕಾದ ಕಾಗದವೂ ಅದೇ: ದಾವಾಪತ್ರ, ಪ್ರತಿವಾದಪತ್ರ, ತಡೆಯಾಜ್ಞೆ ಇದ್ದರೆ ಅದರ ಪ್ರತಿ.

ಹಾಗಾದರೆ ಸ್ವಯಾರ್ಜಿತ ಎಂಬುದಕ್ಕೆ ಏನು ಬರೆಯಬೇಕು? ಇಲ್ಲಿ ಅವರು ಶಿಕ್ಷಕರಾಗಿದ್ದರು ಎಂಬ ಸಂಗತಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಕುಟುಂಬದ ಹಣದಲ್ಲಿ ಓದಿಸಿದ ಮಗನ ಸಂಪಾದನೆಯೂ ಕುಟುಂಬದ್ದೇ ಎಂಬ ವಾದ ಹಿಂದೆ ಇತ್ತು. 1930ರ ಹಿಂದೂ ವಿದ್ಯಾರ್ಜಿತ ಸಂಪಾದನೆಯ ಕಾಯ್ದೆ ಅದನ್ನು ತೆಗೆದುಹಾಕಿತು: ಓದಿಗೆ ಕುಟುಂಬ ಖರ್ಚು ಮಾಡಿದೆ ಎಂಬ ಒಂದೇ ಕಾರಣಕ್ಕೆ ವಿದ್ಯೆಯಿಂದ ಬಂದ ಗಳಿಕೆ ಒಟ್ಟು ಕುಟುಂಬದ್ದಾಗುವುದಿಲ್ಲ. ಆದ್ದರಿಂದ ಶಿಕ್ಷಕರ ಸಂಬಳ ಅವರ ಸ್ವಂತದ್ದು, ಸಂಬಳದಿಂದ ಕೊಂಡದ್ದೂ ಸ್ವಂತದ್ದು. ಪೀಠಿಕೆಯಲ್ಲಿ ಇಷ್ಟು ಸಾಕು:

"ಈ ಕೆಳಗಿನ ಷೆಡ್ಯೂಲಿನಲ್ಲಿ ವಿವರಿಸಿದ ನಿವೇಶನವನ್ನು ನಾನು ಶಿಕ್ಷಕ ವೃತ್ತಿಯಿಂದ ಬಂದ ನನ್ನ ಸಂಬಳದ ಉಳಿತಾಯದಿಂದ, ದಿನಾಂಕ ....ರ ನೋಂದಾಯಿತ ಕ್ರಯಪತ್ರದ ಮೂಲಕ ಖರೀದಿಸಿ, ನನ್ನ ಸಂಬಳದಿಂದ ತೀರಿಸಿದ ಗೃಹಸಾಲದಿಂದ ಅದರಲ್ಲಿ ಮನೆಯನ್ನು ಕಟ್ಟಿಸಿ, ಅಂದಿನಿಂದ ಸ್ವಾಧೀನಾನುಭವದಲ್ಲಿರುತ್ತೇನೆ. ಇದು ನನ್ನ ಸ್ವಯಾರ್ಜಿತ ಸ್ವತ್ತಾಗಿರುತ್ತದೆ."

ಗಮನಿಸಿ, ಉಯಿಲಿನಲ್ಲಿ "ಸ್ವಯಾರ್ಜಿತ" ಎಂದು ಬರೆದ ಮಾತ್ರಕ್ಕೆ ಸ್ವತ್ತು ಸ್ವಯಾರ್ಜಿತವಾಗುವುದಿಲ್ಲ. ಕುಟುಂಬ ಒಟ್ಟಾಗಿತ್ತು ಎಂದ ಮಾತ್ರಕ್ಕೆ ಎಲ್ಲ ಸ್ವತ್ತೂ ಕುಟುಂಬದ್ದಾಗುವುದಿಲ್ಲ ಎಂಬುದು 1954ರಿಂದ ನೆಲೆಗೊಂಡ ತತ್ವ. ಸ್ವತ್ತು ಕೊಳ್ಳಲು ಸಾಕಾಗುವಷ್ಟು ಕುಟುಂಬದ ಮೂಲಧನ ಇತ್ತು ಎಂದು ಮೊದಲು ಮಗ ರುಜುವಾತು ಮಾಡಬೇಕು. ಮಾಡಿದರೆ ಆಮೇಲೆ ಹೊರೆ ತಂದೆಯ ಕಡೆಗೆ ಬರುತ್ತದೆ. ಆ ಹೊರೆ ಹೊರುವುದು ಉಯಿಲಿನ ವಾಕ್ಯವಲ್ಲ. ಸಂಬಳದ ಪಟ್ಟಿ, ಸೇವಾ ಪುಸ್ತಕ, ಸಾಲ ತೀರಿದ ಪತ್ರ ಇವೇ ಹೊರಬೇಕು. ಇವೆಲ್ಲ ಎಲ್ಲಿವೆ ಎಂದು ಉಯಿಲು ನಿರ್ವಾಹಕರಿಗೆ ತಿಳಿದಿರಬೇಕು. ಖಾತೆಯ ಬಗ್ಗೆಯೂ ಒಂದು ಮಾತು: "ಖಾತೆ ನನ್ನ ಹೆಸರಿನಲ್ಲಿದೆ, ಆದ್ದರಿಂದ ನಾನೇ ಮಾಲೀಕ" ಎಂದು ಬರೆಯಬೇಡಿ. ಖಾತೆ ತೆರಿಗೆಯ ದಾಖಲೆ, ಹಕ್ಕಿನ ಮೂಲವಲ್ಲ. ಷೆಡ್ಯೂಲಿನಲ್ಲಿ ಖಾತೆ ಸಂಖ್ಯೆ ಬರುವುದು ಸ್ವತ್ತನ್ನು ಗುರುತಿಸಲು ಮಾತ್ರ.

ಈಗ ಮುಖ್ಯ ಕಲಮು. ಸಿದ್ಧ ನಮೂನೆಯಲ್ಲಿ ಹೀಗಿರುತ್ತದೆ: "ಸದರಿ ಮನೆಯು ನನ್ನ ನಂತರ ನನ್ನ ಕಿರಿಯ ಮಗಳಿಗೆ ಸೇರತಕ್ಕದ್ದು." ದಾವೆ ಗೆದ್ದರೆ ಸರಿ. ಸೋತರೆ, ಇಡೀ ಮನೆ ಎಂದು ಬರೆದದ್ದು ಐದನೇ ಒಂದಕ್ಕೆ ಅನ್ವಯಿಸುತ್ತದೋ ಇಲ್ಲವೋ ಎಂಬ ಹೊಸ ಜಗಳ. ಸಾಮಾನ್ಯವಾಗಿ ನ್ಯಾಯಾಲಯ ಇದ್ದಷ್ಟಕ್ಕೆ ಅನ್ವಯಿಸಿಕೊಡುತ್ತದೆ ನಿಜ, ಆದರೆ ಕರಡು ಬರೆಯುವವರ ಕೆಲಸವೇ ಆ ಜಗಳ ಬಾರದ ಹಾಗೆ ನೋಡಿಕೊಳ್ಳುವುದು. ಇನ್ನು ಕೆಲವರು ಜಾಣತನ ಮಾಡಿ "ನನ್ನ ಐದನೇ ಒಂದು ಹಿಸ್ಸೆಯನ್ನು" ಎಂದು ಬರೆಯುತ್ತಾರೆ. ಅದು ಇನ್ನೂ ಕೆಟ್ಟದ್ದು, ಯಾಕೆಂದರೆ ಐದನೇ ಒಂದು ಎಂದು ಬರೆದ ಕ್ಷಣವೇ ಮನೆ ಒಟ್ಟು ಕುಟುಂಬದ್ದು ಎಂದು ಒಪ್ಪಿಕೊಂಡ ಹಾಗಾಯಿತು. ಬಿಳಿ ಹಾಳೆಯ ಲೆಕ್ಕ ಬಿಳಿ ಹಾಳೆಯಲ್ಲೇ ಉಳಿಯಬೇಕು. ಭಿನ್ನರಾಶಿ ಉಯಿಲಿಗೆ ಬರಬಾರದು.

ಮೂರನೆಯ ಸಾಧ್ಯತೆ ಬಹುತೇಕ ಯಾರಿಗೂ ಹೊಳೆಯುವುದಿಲ್ಲ. 30-40 ಎಂದರೆ 1200 ಚದರಡಿ. ಐದು ಪಾಲಾದರೆ ಒಬ್ಬೊಬ್ಬರಿಗೆ 240 ಚದರಡಿ. ಒಂದು ಬಾಗಿಲು, ಒಂದು ಅಡುಗೆಮನೆ ಇರುವ ಮನೆಯನ್ನು ಹಾಗೆ ಕೊಯ್ಯಲಾಗದು. ಅಂತಿಮ ಡಿಕ್ರಿಯ ಹಂತದಲ್ಲಿ ಇಂಥ ಸ್ವತ್ತು 1893ರ ವಿಭಾಗ ಕಾಯ್ದೆಯಂತೆ ಮಾರಾಟಕ್ಕೆ ಬಂದು, ಪಾಲುದಾರರಿಗೆ ಹಣ ಸಿಗಬಹುದು. ಅಥವಾ ಶಿಕ್ಷಕರು ಬದುಕಿರುವಾಗಲೇ ರಾಜಿಯಾಗಿ, ಅವರ ಕೈಗೆ ಮನೆಯ ಬದಲು ಹಣ ಬರಬಹುದು. ಆಗ ಉಯಿಲಿನಲ್ಲಿ ಹೆಸರಿಸಿದ ನಿರ್ದಿಷ್ಟ ವಸ್ತುವೇ ಉಯಿಲುದಾರರ ಬಳಿ ಇಲ್ಲ, ಹಾಗಾಗಿ ಆ ದಾನ ಬಿದ್ದುಹೋಗುತ್ತದೆ. ಹಣ ಉಳಿಕೆ ಆಸ್ತಿಗೆ ಸೇರುತ್ತದೆ, ಕಿರಿಯ ಮಗಳಿಗೆ ಮನೆಯೂ ಇಲ್ಲ, ಹಣವೂ ಇಲ್ಲ. ಈ ಮೂರನ್ನೂ ಹಿಡಿದಿಡುವ ಕಲಮು ಹೀಗಿರಬಹುದು:

"ಸದರಿ ಷೆಡ್ಯೂಲು ಸ್ವತ್ತಿನ ಬಗ್ಗೆ ನನ್ನ ಹಿರಿಯ ಮಗನು .... ನ್ಯಾಯಾಲಯದಲ್ಲಿ ಹೂಡಿರುವ ಅಸಲು ದಾವೆ ಸಂಖ್ಯೆ .... ಬಾಕಿ ಇದ್ದು, ಅದರಲ್ಲಿನ ಹಕ್ಕುಕೇಳಿಕೆಯನ್ನು ನಾನು ಒಪ್ಪಿರುವುದಿಲ್ಲ. ನನ್ನ ಮರಣಕಾಲಕ್ಕೆ ಸದರಿ ಸ್ವತ್ತಿನಲ್ಲಿ ನನಗಿರುವ ಸಂಪೂರ್ಣ ಹಕ್ಕು, ಅಥವಾ ಸದರಿ ದಾವೆಯಲ್ಲಾಗಲಿ ಅದರ ಮೇಲ್ಮನವಿಗಳಲ್ಲಾಗಲಿ ನನ್ನದೆಂದು ಅಂತಿಮವಾಗಿ ತೀರ್ಮಾನವಾಗುವ ಹಕ್ಕು ಎಷ್ಟೇ ಆಗಿರಲಿ, ಅದೆಲ್ಲವೂ ನನ್ನ ಕಿರಿಯ ಮಗಳಿಗೆ ಸಂಪೂರ್ಣ ಹಕ್ಕಿನಿಂದ ಸೇರತಕ್ಕದ್ದು. ವಿಭಾಗ, ಮಾರಾಟ ಅಥವಾ ರಾಜಿಯಿಂದ ಸದರಿ ಹಕ್ಕಿನ ಬದಲಾಗಿ ಹಣ ಅಥವಾ ಬೇರೆ ಸ್ವತ್ತು ನನಗಾಗಲಿ ನನ್ನ ಹೆಸರಿನ ಆಸ್ತಿಗಾಗಲಿ ಬಂದಲ್ಲಿ, ನನ್ನ ಮರಣಕಾಲಕ್ಕೆ ಗುರುತಿಸಬಹುದಾದ ಮಟ್ಟಿಗೆ ಅದೂ ಆಕೆಗೇ ಸೇರತಕ್ಕದ್ದು."

"ಒಪ್ಪಿರುವುದಿಲ್ಲ" ಎಂಬ ಪದ ಯಾಕೆ ಬೇಕು ಎಂದು ಕೇಳಿದರೆ: ಎಷ್ಟೇ ಆಗಿರಲಿ ಎಂದು ಬರೆದದ್ದನ್ನು ಮುಂದೆ ಯಾರೂ ತಂದೆಗೇ ಅನುಮಾನವಿತ್ತು ಎಂದು ಓದದಿರಲಿ ಎಂದು. "ಸಂಪೂರ್ಣ ಹಕ್ಕಿನಿಂದ" ಯಾಕೆ ಬೇಕು ಎಂದರೆ, ಅದಿಲ್ಲದೆ ಮುಂದೆ "ಆಕೆಯ ನಂತರ ಇಂಥವರಿಗೆ" ಎಂದು ಸೇರಿಸಿದರೆ ಆಕೆಗೆ ಬಂದದ್ದು ಜೀವಿತಾವಧಿಯ ಹಕ್ಕೋ ಪೂರ್ಣ ಹಕ್ಕೋ ಎಂಬ ಗೊಂದಲ. ಒಂದೇ ಉಯಿಲಿನ ಎರಡು ಕಲಮುಗಳು ಹೊಂದಿಕೆಯಾಗದೆ ಹೋದರೆ ಕೊನೆಯದೇ ನಿಲ್ಲುತ್ತದೆ ಎಂದು ಭಾರತೀಯ ಉತ್ತರಾಧಿಕಾರ ಕಾಯ್ದೆಯ 88ನೇ ಕಲಮು ಹೇಳುತ್ತದೆ. ಕೊನೆಗೆ ಪ್ರೀತಿಯಿಂದ ಸೇರಿಸಿದ ಒಂದು ಸಾಲು ಮೇಲಿನ ಇಡೀ ಪುಟವನ್ನು ಹೊಡೆದುಹಾಕಬಹುದು.

ಹಿರಿಯ ಮಗನ ಕಲಮಿಗೆ ಬರೋಣ. ಉಯಿಲುದಾರರು ತಮ್ಮದಲ್ಲದ ಸ್ವತ್ತನ್ನು ಉಯಿಲಿನಲ್ಲಿ ಬೇರೊಬ್ಬರಿಗೆ ಕೊಟ್ಟು, ಅದರ ನಿಜವಾದ ಒಡೆಯನಿಗೆ ಅದೇ ಉಯಿಲಿನಲ್ಲಿ ಬೇರೇನಾದರೂ ಕೊಟ್ಟಿದ್ದರೆ, ಆ ಒಡೆಯ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ತನ್ನ ಸ್ವತ್ತನ್ನು ಬಿಡದಿದ್ದರೆ ಉಯಿಲಿನ ಲಾಭ ಬಿಡಬೇಕು. ಇದು ಅದೇ ಭಾರತೀಯ ಉತ್ತರಾಧಿಕಾರ ಕಾಯ್ದೆಯ 180ನೇ ಕಲಮಿನ ಆಯ್ಕೆಯ ತತ್ವ. ಹಾಗಾದರೆ ಮಗನಿಗೆ ಮೂರು ಲಕ್ಷ ಬರೆದರೆ ಸಾಕು, ದಾವೆ ಗೆದ್ದರೆ ಅದು ತಾನಾಗಿಯೇ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಕರಡಿನಲ್ಲಿ ಹಾಗಾಗುವುದಿಲ್ಲ. ನಾವು ಬರೆದದ್ದು "ನನಗಿರುವ ಹಕ್ಕು ಎಷ್ಟೇ ಆಗಿರಲಿ" ಎಂದು. ಅಂದರೆ ಮಗನದನ್ನು ನಾವು ಯಾರಿಗೂ ಕೊಟ್ಟೇ ಇಲ್ಲ. ಕೊಡದ ಮೇಲೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಅವನು ಐದನೇ ಒಂದನ್ನೂ ತೆಗೆದುಕೊಂಡು ಮೂರು ಲಕ್ಷವನ್ನೂ ಕೇಳಬಹುದು. ಮನೆಯ ಕಲಮನ್ನು ಭದ್ರ ಮಾಡಿದ ಪದಗಳೇ ಇಲ್ಲಿ ಕಿಂಡಿ ತೆರೆದವು. ಆದ್ದರಿಂದ ಷರತ್ತನ್ನು ಬಾಯಿಬಿಟ್ಟು ಬರೆಯಬೇಕು:

"ನನ್ನ ಮರಣದ ದಿನಾಂಕದಿಂದ ಆರು ತಿಂಗಳೊಳಗೆ ನನ್ನ ಹಿರಿಯ ಮಗನು ಸದರಿ ದಾವೆಯನ್ನು, ಅಥವಾ ಆಗ ಬಾಕಿಯಿರುವ ಮೇಲ್ಮನವಿಯನ್ನು ಹಾಗೂ ತನ್ನ ಪರ ಆಗಿರಬಹುದಾದ ಡಿಕ್ರಿಯ ಲಾಭವನ್ನು, ಷೆಡ್ಯೂಲು ಸ್ವತ್ತಿನ ಮಟ್ಟಿಗೆ ಬರಹದ ಮೂಲಕ ಬಿಟ್ಟುಕೊಟ್ಟಲ್ಲಿ ಮಾತ್ರ ಆತನಿಗೆ ನನ್ನ ಠೇವಣಿ ಹಣದಿಂದ ಮೊದಲಿಗೆ ರೂ. 3,00,000 ಸಲ್ಲತಕ್ಕದ್ದು. ಬಿಟ್ಟುಕೊಡದಿದ್ದಲ್ಲಿ ಸದರಿ ಮೊತ್ತ ಠೇವಣಿಯಲ್ಲೇ ಉಳಿದು ಮುಂದಿನ ಕಲಮಿನಂತೆ ವಿಲೇವಾರಿಯಾಗತಕ್ಕದ್ದು."

ಅವಧಿ ಇಲ್ಲದೆ ಷರತ್ತು ಬರೆಯಬೇಡಿ, ಠೇವಣಿ ಹಂಚದೆ ವರ್ಷಗಟ್ಟಲೆ ಕೂರುತ್ತದೆ. ಹಾಗೆಯೇ "ಮೊದಲಿಗೆ" ಎಂಬ ಪದ ಬಿಡಬೇಡಿ. ಅದಿಲ್ಲದೆ ಅರ್ಧ, ಅರ್ಧ ಹಂಚಿದ ಮೇಲೆ ಈ ಮೂರು ಲಕ್ಷ ಯಾರ ಅರ್ಧದಿಂದ ಎಂಬ ಪ್ರಶ್ನೆ ಬರುತ್ತದೆ. ಮಗನನ್ನು ಯಾಕೆ ಹೊರಗಿಟ್ಟದ್ದು ಎಂಬುದಕ್ಕೆ ಎರಡು ಸಾಲಿನ ಕಾರಣ ಇರಲಿ: ಹಿಂದೆ ಇಂಥ ವರ್ಷ ಇಷ್ಟು ಹಣ ಕೊಟ್ಟಿದ್ದೇನೆ, ಕಿರಿಯ ಮಗಳಿಗೆ ಬೇರೆ ನೆಲೆ ಇಲ್ಲ. ಬೈಗುಳ, ಕೃತಘ್ನ ಎಂಬಂಥ ಮಾತು ಬೇಡ. ಅಂಥ ಮಾತು ಉಯಿಲುದಾರರದ್ದಲ್ಲ, ಪಕ್ಕದಲ್ಲಿ ಕೂತು ಬರೆಸಿದವರದ್ದು ಎಂಬ ಸಂಶಯ ಹುಟ್ಟಿಸುತ್ತದೆ.

ಠೇವಣಿಯ ವಿಷಯ ಬೇಗ ಮುಗಿಸಬಹುದು, ಆದರೆ ಎರಡು ಎಚ್ಚರಿಕೆ. ರಸೀದಿ ಸಂಖ್ಯೆ ಬರೆದು "ಈ ಠೇವಣಿ ಇವಳಿಗೆ" ಎಂದರೆ, ಅವಧಿ ಮುಗಿದು ಹಣ ಉಳಿತಾಯ ಖಾತೆಗೆ ಬಂದಾಗಲೋ ಹೊಸ ಸಂಖ್ಯೆಯಲ್ಲಿ ನವೀಕರಣವಾದಾಗಲೋ ವಿವಾದ. "ನನ್ನ ಮರಣಕಾಲಕ್ಕೆ ಯಾವುದೇ ಬ್ಯಾಂಕಿನಲ್ಲಿ ನನ್ನ ಹೆಸರಿನಲ್ಲಿರುವ ಒಟ್ಟು ಹಣ" ಎಂದು ಬರೆದು ಪ್ರಮಾಣದಲ್ಲಿ ಹಂಚಿ. ನಾಮಿನಿ ಬೇರೆಯವರಾಗಿದ್ದರೆ ಗಾಬರಿ ಬೇಡ. ಬ್ಯಾಂಕು ನಾಮಿನಿಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳುತ್ತದೆ, ಆದರೆ ಹಣದ ಒಡೆತನ ಉಯಿಲಿನಂತೆಯೇ ಹೋಗಬೇಕು. ಅದನ್ನು ಒಂದು ವಾಕ್ಯದಲ್ಲಿ ಹೇಳಿಬಿಡಿ. ಮೊಮ್ಮಗಳು ಅಪ್ರಾಪ್ತೆ. ಅವಳಿಗೆ ಉಯಿಲಿನಲ್ಲಿ ಪೋಷಕರನ್ನು ನೇಮಿಸಲು ಹೋಗಬೇಡಿ, ತಾತನಿಗೆ ಆ ಅಧಿಕಾರವಿಲ್ಲ. ತಾಯಿ ಇದ್ದಾಳೆ, ಅವಳೇ ಸಹಜ ಪೋಷಕಿ. ಹಣವನ್ನು ಉಯಿಲು ನಿರ್ವಾಹಕರು ಮೊಮ್ಮಗಳ ಹೆಸರಿನಲ್ಲಿ ಠೇವಣಿ ಇಟ್ಟು, ಓದಿನ ಖರ್ಚಿಗೆ ಬಡ್ಡಿ ಕೊಟ್ಟು, ಹದಿನೆಂಟು ತುಂಬಿದಾಗ ಅಸಲು ಕೊಡಬೇಕು ಎಂದು ಬರೆಯಿರಿ.

ಒಡವೆಯಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಅದು ತೀರಿಹೋದ ಹೆಂಡತಿಯದು. ಆಕೆಯ ಸ್ವಂತ ಸ್ವತ್ತಾಗಿದ್ದರೆ 2003ರಲ್ಲೇ ಗಂಡ ಮತ್ತು ನಾಲ್ವರು ಮಕ್ಕಳಿಗೆ ಸಮವಾಗಿ ಹೋಗಿದೆ. ಶಿಕ್ಷಕರು ತಮ್ಮ ಪಾಲನ್ನಷ್ಟೇ ಕೊಡಬಹುದು. ಪಿಂಚಣಿಯದೂ ಹೀಗೆಯೇ ಒಂದು ಬಲೆ. "ನನ್ನ ನಂತರ ನನ್ನ ಪಿಂಚಣಿ ಕಿರಿಯ ಮಗಳಿಗೆ" ಎಂದು ಬರೆದರೆ ಅದಕ್ಕೆ ಬೆಲೆಯಿಲ್ಲ. ಕುಟುಂಬ ಪಿಂಚಣಿ ಸೇವಾ ನಿಯಮಗಳಂತೆ ಅರ್ಹರಿಗೆ ನೇರವಾಗಿ ಸಿಗುವಂಥದ್ದು, ಉಯಿಲುದಾರರ ಆಸ್ತಿಯೇ ಅಲ್ಲ. ಮರಣದ ದಿನದವರೆಗೆ ಅವರಿಗೆ ಬರಬೇಕಾಗಿದ್ದ ಬಾಕಿ ಹಣ ಬೇರೆ, ಕುಟುಂಬ ಪಿಂಚಣಿ ಬೇರೆ.

ಇನ್ನು ಯಾರೂ ಬರೆಯದ ಒಂದು ಕಲಮು. ಶಿಕ್ಷಕರು ಆ ದಾವೆಯಲ್ಲಿ ಪ್ರತಿವಾದಿ. ಅವರು ತೀರಿಕೊಂಡರೆ 90 ದಿನಗಳೊಳಗೆ ಅವರ ವಾರಸುದಾರರನ್ನು ದಾವೆಯಲ್ಲಿ ದಾಖಲಿಗೆ ತರಬೇಕು. ಆ ಅರ್ಜಿ ಹಾಕುವ ಕೆಲಸ ವಾದಿಯದು, ಅಂದರೆ ಹಿರಿಯ ಮಗನದು. ಮಕ್ಕಳೆಲ್ಲ ಆಗಲೇ ಪಕ್ಷಕಾರರಾಗಿದ್ದರೆ, ಅವರೇ ವಾರಸುದಾರರು ಎಂದು ಒಂದು ಮೆಮೊ ಕೊಟ್ಟು ಮುಂದುವರಿಯಬಹುದು. ಆಗ ಕಿರಿಯ ಮಗಳು ದಾಖಲೆಯಲ್ಲಿ ಉಳಿಯುವುದು ನಾಲ್ವರಲ್ಲಿ ಒಬ್ಬಳಾಗಿ ಮಾತ್ರ. ಉಯಿಲಿನಿಂದ ತಂದೆಯ ಸ್ಥಾನಕ್ಕೆ ಬಂದವಳು ಎಂದು ಅವಳೇ ಹೇಳಿ, ಮೂಲ ಉಯಿಲು ಹಾಜರುಪಡಿಸಿ, ಅದರ ಮೇಲೆ ಹೆಚ್ಚುವರಿ ವಿವಾದಾಂಶ ಕೇಳಬೇಕು. ಉಯಿಲನ್ನು ಬೀರುವಿನಲ್ಲಿಟ್ಟುಕೊಂಡು ಡಿಕ್ರಿಯಾದ ಮೇಲೆ ತೆಗೆದರೆ, ಆಗಲೇ ಯಾಕೆ ತರಲಿಲ್ಲ ಎಂಬುದಕ್ಕೆ ಉತ್ತರ ಕೊಡುವುದು ಕಷ್ಟ. ಆದ್ದರಿಂದ ನಿರ್ವಾಹಕರನ್ನು ನೇಮಿಸುವ ಕಲಮಿನಲ್ಲೇ ಸೇರಿಸಿ: "ನನ್ನ ಮರಣದ ನಂತರ ಉಯಿಲು ನಿರ್ವಾಹಕರು ಮತ್ತು ನನ್ನ ಕಿರಿಯ ಮಗಳು ವಿಳಂಬವಿಲ್ಲದೆ ಸದರಿ ದಾವೆಯಲ್ಲಿ ಹಾಜರಾಗಿ, ಈ ಉಯಿಲನ್ನು ಹಾಜರುಪಡಿಸಿ, ದಾವೆಯನ್ನು ನಡೆಸತಕ್ಕದ್ದು, ಅದರ ಖರ್ಚು ನನ್ನ ಠೇವಣಿ ಹಣದಿಂದ ಭರಿಸತಕ್ಕದ್ದು." ನಿರ್ವಾಹಕರಾಗಿ ಯಾವ ಲಾಭವೂ ಇಲ್ಲದ, ಉಯಿಲುದಾರರಿಗಿಂತ ಚಿಕ್ಕ ವಯಸ್ಸಿನ ಒಬ್ಬರು ಇರಲಿ, ಉದಾಹರಣೆಗೆ ಒಬ್ಬ ಮಾಜಿ ಸಹೋದ್ಯೋಗಿ.

ಕಿರಿಯ ಮಗಳೇ ತಂದೆಗಿಂತ ಮೊದಲು ತೀರಿಕೊಂಡರೆ? ಅವಳಿಗೆ ಮಕ್ಕಳಿದ್ದು ಅವರು ಬದುಕಿದ್ದರೆ ಭಾರತೀಯ ಉತ್ತರಾಧಿಕಾರ ಕಾಯ್ದೆಯ 109ನೇ ಕಲಮು ಆ ದಾನವನ್ನು ಉಳಿಸುತ್ತದೆ. ಇಲ್ಲದಿದ್ದರೆ ದಾನ ಬಿದ್ದು ಉಳಿಕೆ ಆಸ್ತಿಗೆ ಸೇರುತ್ತದೆ. ಉಳಿಕೆ ಕಲಮೇ ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮಿನಂತೆ ಹಿರಿಯ ಮಗನೂ ಸೇರಿ ಎಲ್ಲರಿಗೂ ಹೋಗುತ್ತದೆ. ಹಾಗಾಗಿ ಪರ್ಯಾಯದ ಹೆಸರು ಒಂದು ಸಾಲು, ಉಳಿಕೆ ಆಸ್ತಿ ಒಂದು ಸಾಲು, ಎರಡೂ ಬೇಕೇ ಬೇಕು.

ಕೊನೆಗೆ ಸಹಿ ಮತ್ತು ಸಾಕ್ಷಿ. ಒಳಗೆ ಎಷ್ಟೇ ಚೆನ್ನಾಗಿ ಬರೆದಿದ್ದರೂ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಂತೆ ಸಹಿಯಾಗದಿದ್ದರೆ ಉಯಿಲೇ ಇಲ್ಲ. ಉಯಿಲುದಾರರ ಸಹಿ, ಇಬ್ಬರು ಸಾಕ್ಷಿಗಳು, ಪ್ರತಿ ಸಾಕ್ಷಿಯೂ ಉಯಿಲುದಾರರು ಸಹಿ ಹಾಕುವುದನ್ನು ಕಂಡಿರಬೇಕು ಅಥವಾ ಇದು ನನ್ನ ಸಹಿ ಎಂದು ಅವರ ಬಾಯಿಂದ ಕೇಳಿರಬೇಕು, ಪ್ರತಿ ಸಾಕ್ಷಿಯೂ ಉಯಿಲುದಾರರ ಎದುರಿಗೇ ಸಹಿ ಹಾಕಿರಬೇಕು. ಇಬ್ಬರೂ ಸಾಕ್ಷಿಗಳು ಒಟ್ಟಿಗೆ ಇರಲೇಬೇಕೆಂದಿಲ್ಲ, ಆದರೆ ಒಟ್ಟಿಗೆ ಇದ್ದರೆ ಒಬ್ಬರ ಸಾಕ್ಷ್ಯದಲ್ಲೇ ಎಲ್ಲವೂ ರುಜುವಾತಾಗುತ್ತದೆ. ಬರೀ "ಸಾಕ್ಷಿಗಳು: 1, 2" ಎಂದು ಬಿಡದೆ ಮೇಲೆ ಹೀಗೆ ಬರೆಯಿರಿ:

"ಮೇಲ್ಕಂಡ ಉಯಿಲುದಾರರು ಈ ಉಯಿಲನ್ನು ತಾವೇ ಓದಿ, ಸರಿಯಿದೆ ಎಂದು ಹೇಳಿ, ನಮ್ಮಿಬ್ಬರ ಎದುರಿಗೆ ಸಹಿ ಮಾಡಿದರು. ನಾವಿಬ್ಬರೂ ಅವರ ಎದುರಿಗೆ ಸಾಕ್ಷಿಗಳಾಗಿ ಸಹಿ ಮಾಡಿರುತ್ತೇವೆ."

ಲಾಭ ಪಡೆಯುವವರು ಸಾಕ್ಷಿ ಹಾಕಿದರೆ ಅವರಿಗೆ ಕೊಟ್ಟದ್ದು ಶೂನ್ಯ ಎಂದು ಬಹಳ ಉತ್ತರಪತ್ರಿಕೆಗಳಲ್ಲಿ ಇರುತ್ತದೆ. ಅದು 67ನೇ ಕಲಮು, ಹಿಂದೂಗಳ ಉಯಿಲಿಗೆ ಅನ್ವಯಿಸುವ ಕಲಮುಗಳ ಪಟ್ಟಿಯಲ್ಲಿ ಅದು ಇಲ್ಲ. ಆದರೂ ಕಿರಿಯ ಮಗಳು ಸಾಕ್ಷಿಯಾಗಬಾರದು, ಸಹಿಯ ಹೊತ್ತಿಗೆ ಆ ಕೋಣೆಯಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು. ಕಾರಣ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಪ್ರಕರಣ. 1959ರ ವರದಿಗಳಲ್ಲಿರುವ ಆ ತೀರ್ಪು ಇವತ್ತಿಗೂ ಉಯಿಲಿನ ವ್ಯಾಜ್ಯಗಳಿಗೆ ಅಡಿಗಲ್ಲು: ಲಾಭ ಪಡೆಯುವವರೇ ಮುಂದೆ ನಿಂತು ಉಯಿಲು ಬರೆಸಿದ್ದರೆ ಅದೊಂದು ಸಂಶಯಾಸ್ಪದ ಸನ್ನಿವೇಶ, ಆ ಸಂಶಯ ನಿವಾರಿಸುವ ಹೊರೆ ಉಯಿಲನ್ನು ಮುಂದಿಡುವವರದು. ನಮ್ಮ ಪ್ರಶ್ನೆಯಲ್ಲಿ ಲಾಭ ಪಡೆಯುವವಳು ತಂದೆಯ ಜೊತೆಗೇ ಇರುವ ಮಗಳು. ಹಾಗಾಗಿ ವಕೀಲರ ಬಳಿಗೆ ತಂದೆಯನ್ನು ಬೇರೆಯವರು ಕರೆತರಲಿ, ಸಹಿಯ ದಿನವೇ ವೈದ್ಯರೊಬ್ಬರು ಪರೀಕ್ಷಿಸಿ ಬುದ್ಧಿ ಸ್ಥಿಮಿತದ ಬಗ್ಗೆ ಬರೆದುಕೊಡಲಿ, ಸಾಧ್ಯವಾದರೆ ಅವರೇ ಒಬ್ಬ ಸಾಕ್ಷಿಯಾಗಲಿ. ಉಯಿಲುದಾರರು ಶಿಕ್ಷಕರು, ಕೈ ನಡುಗದಿದ್ದರೆ ಅವರ ಕೈಯಲ್ಲೇ ಬರೆಸಿ. ಅವರ ಅಕ್ಷರವನ್ನು ಗುರುತಿಸುವವರು ಊರಲ್ಲಿ ಬೇಕಾದಷ್ಟು ಜನ ಇರುತ್ತಾರೆ.

ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. ಆದರೂ ದಾವೆ ನಡೆಯುತ್ತಿರುವಾಗ ನೋಂದಾಯಿಸುವುದೇ ಒಳ್ಳೆಯದು: ಉಯಿಲು ಯಾವ ದಿನ ಇತ್ತು ಎಂಬ ವಿವಾದ ನಿಲ್ಲುತ್ತದೆ, ಮೂಲ ಕಳೆದರೂ ದಾಖಲೆ ಇರುತ್ತದೆ. ಆದರೆ ನೋಂದಣಿ ಸಾಕ್ಷಿಗಳ ಬದಲಿ ಅಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಗುರುತಿಸಲು ಬಂದು ಸಹಿ ಹಾಕಿದವರು ಉಯಿಲಿನ ಸಾಕ್ಷಿಗಳಲ್ಲ. ಕೊನೆಯಲ್ಲಿ ಬಿಕ್ಕಲಂ ಎಂದು ಸಹಿ ಹಾಕುವ ಬರಹಗಾರರೂ ಸಾಕ್ಷಿಯಲ್ಲ. ನೋಂದಾಯಿತ ಉಯಿಲನ್ನೂ ನ್ಯಾಯಾಲಯದಲ್ಲಿ ರುಜುವಾತು ಮಾಡಲು, ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ವಿಚಾರಣೆ ಮಾಡಿಸಲೇಬೇಕು. ಹಿಂದೆ ಇದು ಸಾಕ್ಷ್ಯ ಕಾಯ್ದೆಯ 68ನೇ ಕಲಮಾಗಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಮು. ಮೌಖಿಕ ಪರೀಕ್ಷೆಯಲ್ಲಿ ಎರಡೂ ಸಂಖ್ಯೆ ಹೇಳಿ.

ಷೆಡ್ಯೂಲನ್ನು ಸಹಿಯ ಕೆಳಗೆ ತಳ್ಳಬೇಡಿ. ಖಾತೆ ಸಂಖ್ಯೆ, ಪೂರ್ವಪಶ್ಚಿಮ, ಉತ್ತರದಕ್ಷಿಣ ಅಳತೆ, ನಾಲ್ಕೂ ಕಡೆಯ ಚಕ್ಕುಬಂದಿ ಬರೆದು ಮುಗಿಸಿದ ಮೇಲೆ ಉಯಿಲುದಾರರ ಸಹಿ ಬರಲಿ, ಅದರ ಕೆಳಗೆ ಸಾಕ್ಷಿಗಳದು. ಚಕ್ಕುಬಂದಿಯನ್ನು ದಾವಾಪತ್ರದ ಷೆಡ್ಯೂಲಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. 1984ರಲ್ಲಿ ಖಾಲಿ ನಿವೇಶನ ಎಂದಿದ್ದ ಪಕ್ಕದ ಜಾಗದಲ್ಲಿ ಈಗ ಮನೆ ಇದ್ದರೆ ಎರಡನ್ನೂ ಬರೆಯಿರಿ. ತಿದ್ದುಪಡಿ ಇದ್ದರೆ ಅದರ ಪಕ್ಕದ ಅಂಚಿನಲ್ಲೂ ಉಯಿಲುದಾರರು ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕು. ಪ್ರತಿ ಪುಟದ ಕೆಳಗೆ ಉಯಿಲುದಾರರ ಸಹಿ, ಕೊನೆಯ ಪುಟದಲ್ಲಿ ಒಟ್ಟು ಪುಟಗಳ ಸಂಖ್ಯೆ ಅಕ್ಷರದಲ್ಲಿ. ಪರೀಕ್ಷೆಯ ಹಾಳೆಯಲ್ಲೂ ಈ ಜಾಗಗಳನ್ನು ಗೆರೆ ಎಳೆದು ತೋರಿಸಿ.